ಹಳೆಯ ಮನೆಯ ವೈರಿಂಗ್ ಬದಲಾವಣೆ: ಖರ್ಚಿನ ಅಂದಾಜು

ಹಳೆಯ ಮನೆಯ ವಿದ್ಯುತ್ ತಂತಿಗಳನ್ನು ಪೂರ್ತಿ ಕಿತ್ತು ಹೊಸದಾಗಿ ಎಳೆಯಲು ಎಷ್ಟು ಹಣ ಬೇಕು ಎಂಬುದನ್ನು ಕೆಲಸಕ್ಕೆ ಮೊದಲೇ ಲೆಕ್ಕ ಹಾಕುವುದಕ್ಕೆ ವೈರಿಂಗ್ ಅಂದಾಜು ಎನ್ನುತ್ತಾರೆ. ಪಾಯಿಂಟ್‌ಗಳ ಸಂಖ್ಯೆ, ವೈರಿನ ಉದ್ದ, ಸ್ವಿಚ್ಚು ಮತ್ತು ಬೋರ್ಡುಗಳು, ಪೈಪು, ಎಲೆಕ್ಟ್ರಿಷಿಯನ್ ಕೂಲಿ ಎಂಬ ಐದು ಬಾಬುಗಳು ಇದರಲ್ಲಿ ಸೇರುತ್ತವೆ. ಊರಿನ ರೂಢಿಯಲ್ಲಿ ಈ ಐದನ್ನೂ ಒಂದೇ ದರಕ್ಕೆ ಇಳಿಸಿ, ‘ಪಾಯಿಂಟಿಗೆ ಇಷ್ಟು’ ಎಂದು ಮಾತು ಮುಗಿಸುತ್ತಾರೆ. ಹೊಸದಾಗಿ ಕಟ್ಟುವ ಚಿಕ್ಕ ಆರ್‌ಸಿಸಿ ಮನೆಗೆ ಈ ಪದ್ಧತಿ ಹೆಚ್ಚು ಮೋಸ ಮಾಡುವುದಿಲ್ಲ. ಹಳೆಯ ಮನೆಗೆ ಮಾತ್ರ ಅದು ಹೊಂದುವುದಿಲ್ಲ. ಅಲ್ಲಿ ಪಾಯಿಂಟಿನ ಎಣಿಕೆ ಕೂಲಿಗೆ ಒಳ್ಳೆಯ ಅಳತೆ. ಸಾಮಾನಿನ ಖರ್ಚನ್ನು ನಿರ್ಧರಿಸುವುದು ವೈರು ಸಾಗುವ ದಾರಿ. ನಂಜನಗೂಡು ತಾಲೂಕಿನ ಹೆಮ್ಮರಗಾಲದಂಥ ಊರಿನ ಮಣ್ಣಿನ ಗೋಡೆಯ ಮನೆಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆ ಶುರುವಾಯಿತು. ಆದರೆ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ; ಆಮೇಲೆ ಬೆಂಗಳೂರು, ಮೈಸೂರು ನಗರಗಳಿಗೆ. ಸಂತಾನ ವೇಣುಗೋಪಾಲಸ್ವಾಮಿ ದೇವಸ್ಥಾನದಿಂದ ಹೆಸರಾದ ಹೆಮ್ಮರಗಾಲದ ಸುತ್ತಿನ ಹಳ್ಳಿಗಳಂಥ ಕಡೆ ಮನೆಮನೆಗೆ ದೀಪ ಬರಲು ದಶಕಗಳೇ ಹಿಡಿದವು. ಈಗ ಇಲ್ಲಿ ಸರಬರಾಜು ಮಾಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಅಂದಾಜಿಗೆ ಈ ಚರಿತ್ರೆ ಏಕೆ ಬೇಕೆಂದರೆ, ಹಳ್ಳಿಯ ಹಳೆಯ ಮನೆಯ ವೈರಿಂಗ್ ಒಂದೇ ಸಲ ಯೋಜಿಸಿ ಮಾಡಿದ್ದಲ್ಲ. ಮೊದಲು ನಡುಮನೆಗೊಂದು, ಹಜಾರಕ್ಕೊಂದು ಬಲ್ಬು. ಆಮೇಲೆ ಒಂದು ಫ್ಯಾನು. ಮುಂದೆ ಟಿವಿ ಬಂದಾಗ ಅದೇ ಬೋರ್ಡಿನಿಂದ ಒಂದು ಕವಲು. ಮಿಕ್ಸಿ, ಫ್ರಿಜ್ಜು, ನೀರು ಕಾಯಿಸುವ ಗೀಸರು ಬಂದಾಗಲೂ ಹತ್ತಿರದ ಬೋರ್ಡಿನಿಂದಲೇ ಇನ್ನೊಂದು ಕವಲು. ಮರದ ರೀಪಿನ ಮೇಲೆ ಕ್ಲಿಪ್ಪು ಹೊಡೆದು ಎಳೆದ ಹಳೆಯ ವೈರು, ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು, ಮರದ ರೌಂಡ್ ಬ್ಲಾಕು, ಅದರ ಪಕ್ಕದಲ್ಲೇ ನಿನ್ನೆ ಮೊನ್ನೆಯ ಪ್ಲಾಸ್ಟಿಕ್ ಬೋರ್ಡು ಒಂದೇ ಗೋಡೆಯಲ್ಲಿ ಕಾಣುತ್ತವೆ. ಹೀಗೆ ಕವಲೊಡೆದ ವೈರಿಂಗಿನಲ್ಲಿ ಯಾವ ಬೋರ್ಡಿಗೂ ಮೀಟರಿನ ಕಡೆಯಿಂದ ಅದರದೇ ಆದ ದಾರಿ ಇರುವುದಿಲ್ಲ. ಹೊಸ ವೈರಿಂಗಿನಲ್ಲಿ ಆ ದಾರಿಗಳನ್ನು ಮೊದಲಿನಿಂದ ಹಾಕಬೇಕು. ಹಳೆಯ ಪಾಯಿಂಟ್‌ಗಳನ್ನು ಎಣಿಸಿದ ಮಾತ್ರಕ್ಕೆ ಅವು ಲೆಕ್ಕಕ್ಕೆ ಬರುವುದಿಲ್ಲ.

ಪಾಯಿಂಟ್ ಎಂದರೆ ಏನು ಎಂಬುದರಲ್ಲೇ ಗೊಂದಲ ಶುರುವಾಗುತ್ತದೆ. ಸರ್ಕಾರಿ ಕಟ್ಟಡಗಳ ಕಾಮಗಾರಿಯಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ ಬಹುಕಾಲದಿಂದ ಒಂದು ಗೆರೆ ಎಳೆದಿದೆ: ಸ್ವಿಚ್ ಬೋರ್ಡಿನಿಂದ ದೀಪ ಅಥವಾ ಫ್ಯಾನಿನವರೆಗಿನ ವೈರು, ಪೈಪು, ಸ್ವಿಚ್ಚು ಸೇರಿದ್ದು ಪಾಯಿಂಟ್ ವೈರಿಂಗ್, ಇದಕ್ಕೆ ಎಣಿಕೆಯ ಮೇಲೆ ದರ. ಡಿಬಿ, ಅಂದರೆ ಎಂಸಿಬಿಗಳಿರುವ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ ಒಂದೊಂದು ಸ್ವಿಚ್ ಬೋರ್ಡಿಗೆ ಹೋಗುವ ವೈರು ಸರ್ಕ್ಯೂಟ್ ವೈರಿಂಗ್. ಇದಕ್ಕೆ ಮೀಟರ್ ಲೆಕ್ಕದ ದರ. ಹಳ್ಳಿಯ ಮನೆಯ ಮಾತುಕತೆಯಲ್ಲಿ ಈ ಎರಡನೆಯ ಭಾಗ ಕಾಣೆಯಾಗುತ್ತದೆ. ಕಿಟ್‌ಕ್ಯಾಟ್ ಫ್ಯೂಸಿನ ಕಾಲದಲ್ಲಿ ಮನೆಗೆಲ್ಲ ಒಂದೋ ಎರಡೋ ಸರ್ಕ್ಯೂಟು ಇದ್ದಾಗ ಅದು ದೊಡ್ಡ ಮೊತ್ತವಾಗಿರಲಿಲ್ಲ. ಇಂದು ದೀಪ ಮತ್ತು ಫ್ಯಾನಿನ ಒಂದು ಸರ್ಕ್ಯೂಟಿಗೆ ಹತ್ತು ಪಾಯಿಂಟ್ ಮೀರಬಾರದು ಎಂಬುದು ವೈರಿಂಗ್ ಕಸುಬಿನ ಸಾಮಾನ್ಯ ನಿಯಮ. 16 ಆಂಪಿಯರ್‌ನ ಪವರ್ ಸಾಕೆಟ್‌ಗಳಾದರೆ ಒಂದು ಸರ್ಕ್ಯೂಟಿಗೆ ಎರಡೇ. ಆದ್ದರಿಂದ ದಾರಿಗಳು ಹೆಚ್ಚಾಗಿವೆ, ಉದ್ದವೂ ಹೆಚ್ಚಿದೆ.

ಒಂದು ಮಾದರಿ ಮನೆ ತೆಗೆದುಕೊಳ್ಳೋಣ. ಮುಂದೆ ಜಗಲಿ, ಒಳಗೆ ಹಜಾರ, ಅದರ ಪಕ್ಕ ಒಂದು ಕೋಣೆ. ನಡುಮನೆ, ಅದಕ್ಕೆ ತಾಗಿ ದೇವರ ಮನೆ ಮತ್ತು ಇನ್ನೊಂದು ಕೋಣೆ. ಹಿಂದೆ ಅಡುಗೆ ಮನೆ, ಬಚ್ಚಲು, ಈಗ ಉಗ್ರಾಣವಾಗಿರುವ ಕೊಟ್ಟಿಗೆ. ಗೋಡೆ ಒಂದೂವರೆ ಅಡಿ ದಪ್ಪದ ಮಣ್ಣಿನದು, ಮೇಲೆ ಸುಣ್ಣದ ಗಾರೆ. ಮಾಡು ಹೆಂಚಿನದು. ಮೀಟರು ಜಗಲಿಯಲ್ಲಿ, ಡಿಬಿ ಅದರ ಹಿಂದಿನ ಹಜಾರದ ಗೋಡೆಯಲ್ಲಿ. ಬೇಕಾದ ಪಾಯಿಂಟ್‌ಗಳು: ದೀಪ 16, ಫ್ಯಾನ್ 5, ಬೋರ್ಡಿನಲ್ಲೇ ಇರುವ 6 ಆಂಪಿಯರ್ ಸಾಕೆಟ್ 8, ಪವರ್ ಸಾಕೆಟ್ 4. ಪವರ್ ಸಾಕೆಟ್‌ಗಳಲ್ಲಿ ಅಡುಗೆ ಮನೆಗೆ ಎರಡು, ಗೀಸರಿಗೆ ಒಂದು, ಬಟ್ಟೆ ಒಗೆಯುವ ಯಂತ್ರಕ್ಕೆ ಒಂದು. ಒಟ್ಟು 33. ಸ್ವಿಚ್ ಬೋರ್ಡುಗಳು ಏಳು.

ಈಗ ಅಳತೆ. ನಡುಮನೆಯ ಒಂದು ಫ್ಯಾನನ್ನೇ ಹತ್ತಿರದಿಂದ ನೋಡಿ. ಬೋರ್ಡಿನಿಂದ ಫ್ಯಾನಿಗೆ ನೆಲದ ಮೇಲೆ ಟೇಪು ಹಿಡಿದರೆ ನಾಲ್ಕು ಮೀಟರು. ಆದರೆ ವೈರು ನೆಲದ ಮೇಲೆ ಹೋಗುವುದಿಲ್ಲ. ಬೋರ್ಡು ನೆಲದಿಂದ 1.3 ಮೀಟರ್ ಎತ್ತರದಲ್ಲಿದೆ; ಗೋಡೆಯ ತಲೆ 3.3 ಮೀಟರ್. ಪೈಪು ಮೊದಲು ಎರಡು ಮೀಟರ್ ಮೇಲೇರಿ, ಆಮೇಲೆ ತೊಲೆಯ ಬದಿಯಲ್ಲಿ ನಾಲ್ಕು ಮೀಟರ್ ಸಾಗಬೇಕು. ಅಲ್ಲಿಗೆ ದಾರಿ ಆರು ಮೀಟರ್ ಆಯಿತು. ಆ ದಾರಿಯಲ್ಲಿ ಹೋಗುವುದು ಒಂದು ವೈರಲ್ಲ: ಸ್ವಿಚ್ಚಿನಿಂದ ಬರುವ ಫೇಸ್, ನ್ಯೂಟ್ರಲ್, ಅರ್ಥ್ ಸೇರಿ ಮೂರು. ಕಣ್ಣಳತೆಗೆ ನಾಲ್ಕು ಮೀಟರ್ ಕಂಡದ್ದು ಅಂಗಡಿಯಲ್ಲಿ ಹದಿನೆಂಟು ಮೀಟರ್ ವೈರಾಗುತ್ತದೆ. ಅಂದಾಜು ಕೆಡುವುದು ಹೆಚ್ಚಾಗಿ ಈ ಎರಡು ಕಡೆ: ಏರು ಇಳಿತವನ್ನು ಮರೆಯುವುದು, ದಾರಿಯ ಉದ್ದವನ್ನೇ ವೈರಿನ ಉದ್ದ ಎಂದುಕೊಳ್ಳುವುದು. ಎತ್ತರದ ಹೆಂಚಿನ ಮನೆಯಲ್ಲಿ ಮೊದಲನೆಯದು ಆರ್‌ಸಿಸಿ ಮನೆಗಿಂತ ಹೆಚ್ಚು ದುಬಾರಿ.

ಇದೇ ರೀತಿಯಲ್ಲಿ ಮನೆಯನ್ನೆಲ್ಲ ಅಳೆದರೆ, ದೀಪ ಮತ್ತು ಫ್ಯಾನಿನ 21 ಪಾಯಿಂಟ್‌ಗಳ ದಾರಿ ಸರಾಸರಿ 6 ಮೀಟರಿನಂತೆ 126 ಮೀಟರ್. ಡಿಬಿಯಿಂದ ಬೋರ್ಡುಗಳಿಗೆ ಮೂರು ಸರ್ಕ್ಯೂಟು: ಮುಂಭಾಗಕ್ಕೆ 14, ನಡುಮನೆಯ ಕಡೆಗೆ 20, ಹಿಂಭಾಗಕ್ಕೆ 28, ಒಟ್ಟು 62 ಮೀಟರ್. ಪವರ್ ಸರ್ಕ್ಯೂಟು ಮೂರು: ಅಡುಗೆ ಮನೆಗೆ 26, ಗೀಸರಿಗೆ 28, ಬಟ್ಟೆ ಯಂತ್ರಕ್ಕೆ 24, ಒಟ್ಟು 78 ಮೀಟರ್. ದೀಪ ಮತ್ತು ಫ್ಯಾನಿನ ದಾರಿಯಲ್ಲಿ ಫೇಸ್, ನ್ಯೂಟ್ರಲ್‌ಗೆ 1.5 ಚದರ ಮಿಲಿಮೀಟರಿನ ತಾಮ್ರದ ವೈರು, ಅರ್ಥಿಗೆ 1 ಚದರ ಮಿಲಿಮೀಟರಿನದು. ಪವರ್ ದಾರಿಯಲ್ಲಿ 2.5ರದು, ಅರ್ಥಿಗೆ 1.5ರದು ಎಂದಿಟ್ಟುಕೊಳ್ಳೋಣ. 1.5ರ ವೈರು 454 ಮೀಟರ್, 1ರದು 188, 2.5ರದು 156 ಆಗುತ್ತದೆ. ಬೋರ್ಡಿನೊಳಗೆ ಬಿಡುವ ತುದಿ, ಕತ್ತರಿಸಿ ಉಳಿಯುವ ತುಂಡುಗಳಿಗೆ ನೂರಕ್ಕೆ ಹತ್ತು ಸೇರಿಸಬೇಕು. ಮನೆ ವೈರು 90 ಮೀಟರಿನ ಕಾಯಿಲ್ ಆಗಿ ಬರುವುದರಿಂದ ಲೆಕ್ಕ ಮೇಲಿನ ಪೂರ್ಣ ಸಂಖ್ಯೆಗೆ ಹೋಗುತ್ತದೆ: ಕ್ರಮವಾಗಿ ಆರು, ಮೂರು, ಎರಡು ಕಾಯಿಲ್. ಮೀಟರಿನಿಂದ ಡಿಬಿಗೆ 6 ಚದರ ಮಿಲಿಮೀಟರಿನ ವೈರನ್ನು ಬಿಡಿಯಾಗಿ ಕತ್ತರಿಸಿ ತಂದರೆ ಸಾಕು.

ಇಲ್ಲಿಂದ ಮುಂದಿನ ದರಗಳು ಲೆಕ್ಕದ ದಾರಿ ತೋರಿಸಲು ಜಿಎಸ್‌ಟಿ ಸೇರಿಸಿ ಹಿಡಿದ ಮಾದರಿ ದರಗಳು. ಕೆಲಸದ ದಿನದ ಅಂಗಡಿ ದರವನ್ನು ಅದೇ ಜಾಗದಲ್ಲಿ ಇಟ್ಟುಕೊಳ್ಳಬೇಕು. 1.5ರ ಕಾಯಿಲಿಗೆ 2,300 ರೂಪಾಯಿ, 1ರದಕ್ಕೆ 1,600, 2.5ರದಕ್ಕೆ 3,700 ಎಂದು ಹಿಡಿದರೆ, ಮೀಟರಿನ ಕಡೆಯ ದಪ್ಪ ವೈರಿಗೆ 1,200 ಸೇರಿ, ವೈರಿನ ಬಾಬು 27,200 ರೂಪಾಯಿ. ಪೈಪಿಗೆ ಬಂದಾಗ ಉದ್ದ ಸ್ವಲ್ಪ ಇಳಿಯುತ್ತದೆ, ಏಕೆಂದರೆ ಒಂದೇ ಬೋರ್ಡಿನ ಮೂರು ಪಾಯಿಂಟ್‌ಗಳ ವೈರು ಮೇಲೇರುವಾಗ ಒಂದೇ ಪೈಪಿನಲ್ಲಿ ಹೋಗುತ್ತದೆ. ಏಳು ಬೋರ್ಡಿನಲ್ಲಿ ಹೀಗೆ 28 ಮೀಟರ್ ಉಳಿದು, ಒಟ್ಟು 238 ಮೀಟರ್ ಪೈಪು; ತುಂಡುಗಳ ನಷ್ಟ ಸೇರಿ ಮೂರು ಮೀಟರಿನ 88 ಪೈಪು, 6,600 ರೂಪಾಯಿ. ಮೇಲ್ಮೈ ಪೈಪಿಗೆ 60 ಸೆಂಟಿಮೀಟರಿಗೊಂದು ಸ್ಯಾಡಲ್ ಬೇಕು. ಅವೇ ನಾನೂರು ಆಗುತ್ತವೆ. ಬೆಂಡು, ಜಂಕ್ಷನ್ ಬಾಕ್ಸು, ಸ್ಕ್ರೂ ಸೇರಿ ಈ ಚಿಲ್ಲರೆಗೇ 5,000 ರೂಪಾಯಿ. ಚಿಲ್ಲರೆ ಎಂದು ಅಂದಾಜಿನಲ್ಲಿ ಬಿಟ್ಟುಬಿಡುವ ಈ ಬಾಬು ಪೈಪಿನ ಬೆಲೆಯ ಮುಕ್ಕಾಲಷ್ಟಾಗುತ್ತದೆ ಎಂಬುದು ಗಮನಿಸಬೇಕಾದ ಮಾತು. ಏಳು ಬೋರ್ಡು, ಸ್ವಿಚ್ಚು, ಸಾಕೆಟ್ಟು, ಫ್ಯಾನ್ ರೆಗ್ಯುಲೇಟರು, ಹೋಲ್ಡರುಗಳಿಗೆ 8,000. ಡಿಬಿ, ಆರು ಎಂಸಿಬಿ, ಮೇನ್ ಸ್ವಿಚ್ಚು ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಗೆ 5,500. ಅರ್ಥಿಂಗ್ ಸಾಮಾನಿಗೆ 4,000. ಸಾಮಾನೆಲ್ಲ ಸೇರಿ 56,300 ರೂಪಾಯಿ.

ಈ ಲೆಕ್ಕವನ್ನು ಒಂದೊಂದು ಪಾಯಿಂಟಿಗೆ ಬಿಡಿಸಿದಾಗ ನಮ್ಮ ವಾದಕ್ಕೆ ಬೇಕಾದ ಸಾಕ್ಷಿ ಸಿಗುತ್ತದೆ. ಬೋರ್ಡಿನಲ್ಲೇ ಇರುವ ಸಾಕೆಟ್ಟಿಗೆ ಹೊಸ ದಾರಿ ಬೇಡ. ಸಾಕೆಟ್ಟು, ಅದರ ಸ್ವಿಚ್ಚು, ಕೂಲಿ ನೂರು ರೂಪಾಯಿ ಸೇರಿ 235 ರೂಪಾಯಿಗೆ ಮುಗಿಯುತ್ತದೆ. ಒಂದು ದೀಪ ಅಥವಾ ಫ್ಯಾನಿನ ಪಾಯಿಂಟಿಗೆ ಬೋರ್ಡಿನ ಪಾಲು, 350 ರೂಪಾಯಿ ಕೂಲಿ ಸೇರಿ ಸುಮಾರು 1,300. ಗೀಸರಿನ ಪಾಯಿಂಟಿಗೆ 28 ಮೀಟರ್ ದಾರಿಯಲ್ಲಿ 2.5ರ ವೈರು 56 ಮೀಟರ್, ಅರ್ಥ್ 28 ಮೀಟರ್, ಪೈಪು, ಸ್ಯಾಡಲ್, ಸಾಕೆಟ್ಟು, ಎಂಸಿಬಿ, 700 ರೂಪಾಯಿ ಕೂಲಿ ಎಲ್ಲ ಸೇರಿ ಸುಮಾರು 5,500. ಒಂದೇ ಮನೆಯಲ್ಲಿ, ಒಬ್ಬನೇ ಕೆಲಸಗಾರನ ಕೈಯಲ್ಲಿ, ಮೂರೂ ‘ಒಂದು ಪಾಯಿಂಟ್’ ಎಂದೇ ಎಣಿಕೆಯಾಗುತ್ತವೆ. ಇವುಗಳ ನಡುವಿನ ಅಂತರ ಇಪ್ಪತ್ತು ಪಟ್ಟಿಗೂ ಮೇಲೆ. ಇಷ್ಟು ದೂರದ ಮೂರು ಸಂಖ್ಯೆಗಳಿಗೆ ಒಂದು ಸರಾಸರಿ ಹೇಳಿದರೆ, ಅದು ಆ ಮೂರು ಬಗೆಗಳು ಇಷ್ಟಿಷ್ಟೇ ಇರುವ ಮನೆಗೆ ಮಾತ್ರ ಸರಿಹೋದೀತು.

ಕೂಲಿಯನ್ನೂ ಇದೇ ರೀತಿ ಒಡೆದು ಬರೆಯಬಹುದು. 21 ಪಾಯಿಂಟಿಗೆ 7,350, ಬೋರ್ಡಿನ ಸಾಕೆಟ್‌ಗಳಿಗೆ 800, ಪವರ್ ಪಾಯಿಂಟ್‌ಗಳಿಗೆ 2,800, ಸರ್ಕ್ಯೂಟ್ ದಾರಿಗೆ ಮೀಟರಿಗೆ ನಲವತ್ತರಂತೆ 2,480, ಡಿಬಿ ಜೋಡಣೆಗೆ 2,000, ಅರ್ಥಿಂಗ್ ಗುಂಡಿಗೆ 1,500, ಹಳೆಯ ವೈರು ರೀಪು ಕಿತ್ತು ತೂತು ಮುಚ್ಚುವುದಕ್ಕೆ 2,500, ಒಟ್ಟು 19,430. ಕೊನೆಯ ಬಾಬು ಹಳೆಯ ಮನೆಗೆ ಮಾತ್ರ ಇರುವಂಥದ್ದು, ಅದನ್ನು ಮೊದಲೇ ಮಾತಾಡದಿದ್ದರೆ ನಡುವೆ ಜಗಳ ಖಂಡಿತ. ಸಾಮಾನು ಮತ್ತು ಕೂಲಿ ಸೇರಿ 75,730 ರೂಪಾಯಿ. ಗೋಡೆಯೊಳಗೆ ಏನಿದೆ ಎಂದು ಮೊದಲೇ ತಿಳಿಯದ ಮನೆಯಲ್ಲಿ ನೂರಕ್ಕೆ ಹತ್ತು ಕೈಯಲ್ಲಿ ಇಟ್ಟುಕೊಳ್ಳುವುದು ನ್ಯಾಯ. ಆಗ ಸುಮಾರು 83,300.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಅನುಭವಿ ಎಲೆಕ್ಟ್ರಿಷಿಯನ್ ಮನೆಯನ್ನು ಒಂದು ಸುತ್ತು ನೋಡಿಯೇ ಹೇಳಬಲ್ಲ, ಇಷ್ಟೆಲ್ಲ ಟೇಪು ಹಿಡಿಯುವುದು ಏಕೆ ಎಂಬುದು ಅದು. ಅನುಭವದ ಬೆಲೆಯನ್ನು ಅಲ್ಲಗಳೆಯುವಂತಿಲ್ಲ. ಸಾಮಾನು ಸೇರಿ ಪಾಯಿಂಟಿಗೆ 1,400 ಎಂದು ಆತ ಹೇಳಿದನೆನ್ನಿ. ದೀಪ, ಫ್ಯಾನಿನ ಮಟ್ಟಿಗೆ ಅದು ನ್ಯಾಯವಾದ ದರವೇ, ನಮ್ಮ ಲೆಕ್ಕದ 1,300ಕ್ಕೆ ಹತ್ತಿರವೇ ಇದೆ. ಆದರೆ 33 ಪಾಯಿಂಟಿಗೆ ಅದನ್ನು ಗುಣಿಸಿದಾಗ ಬರುವುದು 46,200. ಅಳತೆಯ ಲೆಕ್ಕಕ್ಕೂ ಇದಕ್ಕೂ 29,530 ರೂಪಾಯಿ ವ್ಯತ್ಯಾಸ. ಬೋರ್ಡಿನ ಸಾಕೆಟ್ಟಿಗೆ ಹೆಚ್ಚು ಕೊಟ್ಟರೂ ಅದು ಪವರ್ ದಾರಿ, ಸರ್ಕ್ಯೂಟ್ ದಾರಿ, ಡಿಬಿ, ಅರ್ಥಿಂಗ್‌ಗಳ ಖರ್ಚನ್ನು ತುಂಬುವುದಿಲ್ಲ. ಆ ಹಣ ಎಲ್ಲಿಂದಲಾದರೂ ಬರಲೇಬೇಕು. ಒಂದೋ ಕೆಲಸದ ಅರ್ಧದಲ್ಲಿ ‘ಇದು ಎಕ್ಸ್‌ಟ್ರಾ’ ಎಂಬ ಮಾತು ಬರುತ್ತದೆ. ಇಲ್ಲವೇ ಸದ್ದಿಲ್ಲದೆ ಕಡಿತವಾಗುತ್ತದೆ. ಕಡಿತ ಮೊದಲು ಬೀಳುವುದು ಕಣ್ಣಿಗೆ ಕಾಣದ ಕಡೆ. ದೀಪದ ದಾರಿಯ ಅರ್ಥ್ ವೈರು ಬಿಟ್ಟರೆ ಮೂರು ಕಾಯಿಲ್, 4,800 ರೂಪಾಯಿ ಉಳಿಯುತ್ತದೆ. ದೀಪ ಮಾತ್ರ ಹಾಗೆಯೇ ಉರಿಯುತ್ತದೆ. ಗೀಸರನ್ನು ಬಚ್ಚಲಿನ ದೀಪದ ಬೋರ್ಡಿನಿಂದಲೇ ಎಳೆದರೆ ಇನ್ನೂ ಹೆಚ್ಚು ಉಳಿಯುತ್ತದೆ. ನೀರೂ ಕಾಯುತ್ತದೆ, ಜೊತೆಗೆ ವೈರೂ ಕಾಯುತ್ತದೆ. ಕಡಿಮೆ ಅಂದಾಜು ಹಣದ ತೊಂದರೆಯಾಗಿ ಶುರುವಾಗಿ ಜೀವದ ತೊಂದರೆಯಾಗಿ ಮುಗಿಯುವುದು ಹೀಗೆ. ಟೇಪು ಹಿಡಿಯುವ ಶ್ರಮ ಒಂದು ಬೆಳಗಿನದ್ದು. ಅದನ್ನು ಎಲೆಕ್ಟ್ರಿಷಿಯನ್ ಜೊತೆಯಲ್ಲೇ ಮಾಡಿದರೆ ಆತನ ಅನುಭವವೂ ಲೆಕ್ಕದೊಳಗೆ ಬರುತ್ತದೆ.

ಎರಡನೆಯ ಆಕ್ಷೇಪ ಅಂದಚಂದದ್ದು: ಪೈಪು ಗೋಡೆಯ ಮೇಲೆ ಕಾಣಬಾರದು, ಒಳಗೆ ಹೂತುಬಿಡಬೇಕು ಎನ್ನುವುದು. ಇಟ್ಟಿಗೆ ಸಿಮೆಂಟಿನ ಗೋಡೆಗೆ ಇದು ಸರಿಯಾದ ಆಸೆ. ಮಣ್ಣಿನ ಗೋಡೆಯ ನಡತೆಯೇ ಬೇರೆ. ಕಟರ್ ಇಟ್ಟಾಗ ಗೆರೆ ನೇರವಾಗಿ ನಿಲ್ಲುವುದಿಲ್ಲ. ಅಂಗೈಯಗಲ ಗಾರೆ ಉದುರಿ, ಒಳಗಿನ ಮಣ್ಣು ಪುಡಿಯಾಗಿ ಸುರಿಯುತ್ತದೆ. ಅದನ್ನು ಸಿಮೆಂಟ್ ಗಾರೆಯಿಂದ ಮುಚ್ಚಿದರೆ ಮಣ್ಣಿಗೂ ಸಿಮೆಂಟಿಗೂ ಹಿಡಿತವಿರುವುದಿಲ್ಲ. ಮಳೆಗಾಲದಲ್ಲಿ ಮಣ್ಣು ತೇವ ಹೀರಿ ಬಿಟ್ಟಾಗ ಪೈಪಿನ ಗುಂಟ ಉದ್ದ ಬಿರುಕು ಬಿಡುತ್ತದೆ. ಸುಣ್ಣದ ಗಾರೆಯಲ್ಲೇ ಮುಚ್ಚುವ ಗಾರೆ ಕೆಲಸದವರು ಸಿಕ್ಕರೆ ಒಳ್ಳೆಯದು, ಆದರೆ ಅವರ ಕೂಲಿ ಮತ್ತು ಸಮಯ ಎರಡೂ ಹೆಚ್ಚು. ಖರ್ಚಿನ ಕಡೆಯಿಂದ ನೋಡಿದರೆ, 238 ಮೀಟರಿನಲ್ಲಿ ಅರ್ಧದಷ್ಟು ಗೋಡೆಯಲ್ಲಿದೆ ಎಂದುಕೊಂಡರೂ 120 ಮೀಟರ್ ಕೊರೆದು ಮುಚ್ಚುವುದಕ್ಕೆ ಮೀಟರಿಗೆ 150ರಂತೆ 18,000 ರೂಪಾಯಿ, ಅದರ ಮೇಲೆ ಮನೆಗೆಲ್ಲ ಬಣ್ಣ. ಉಳಿದರ್ಧ ಹೆಂಚಿನ ಮಾಡಿನ ಕೆಳಗೆ ತೊಲೆ ಜಂತೆಗಳ ಮೇಲೆ ಹೇಗಿದ್ದರೂ ಕಾಣುವ ಪೈಪೇ. ಹೀಗಾಗಿ ಮಣ್ಣಿನ ಗೋಡೆಯ ಮನೆಗೆ ಮೇಲ್ಮೈ ಪೈಪೇ ಹೆಚ್ಚು ಸರಿಯಾದ ಆಯ್ಕೆ ಎಂದು ಹೇಳಬಹುದು. ಪೈಪನ್ನು ಗೋಡೆಯ ತಲೆಯ ಮೂಲೆಯಲ್ಲಿ, ಬಾಗಿಲ ಚೌಕಟ್ಟಿನ ಬದಿಯಲ್ಲಿ ನೇರವಾಗಿ ತಂದರೆ ಕಣ್ಣಿಗೆ ಚುಚ್ಚುವುದಿಲ್ಲ; ಅಟ್ಟದ ಇಲಿಗಳಿಂದ ವೈರನ್ನೂ ಕಾಯುತ್ತದೆ. ಮುಂದೆ ಒಂದು ಪಾಯಿಂಟ್ ಸೇರಿಸಬೇಕಾದರೆ ಗೋಡೆ ಒಡೆಯುವ ಕೆಲಸವೂ ಇಲ್ಲ.

ಮೂರನೆಯದು ಹೆಚ್ಚು ಗಂಭೀರವಾದ ಆಕ್ಷೇಪ. ಎಂಬತ್ತು ಸಾವಿರ ಒಟ್ಟಿಗೆ ತರಲಾಗದವರು ಕೆಟ್ಟ ಭಾಗವನ್ನು ಮಾತ್ರ ಬದಲಿಸಿ ಉಳಿದದ್ದನ್ನು ಇಟ್ಟುಕೊಳ್ಳಬಾರದೇ? ಹಣದ ಮಿತಿ ನಿಜವಾದದ್ದು, ಅದಕ್ಕೆ ಉತ್ತರ ಬೇಕು. ಮೊದಲು ಹಳೆಯದರ ಸ್ಥಿತಿ ನೋಡಬೇಕು. ಬೋರ್ಡು ಬಿಚ್ಚಿ ವೈರಿನ ತುದಿಯನ್ನು ಬೆರಳಲ್ಲಿ ಬಾಗಿಸಿದಾಗ ಹೊದಿಕೆ ಬಿರಿದು ಚೂರಾಗಿ ಉದುರಿದರೆ, ಆ ವೈರು ಮುಗಿದಂತೆ. ಹಳೆಯ ರಬ್ಬರ್ ಹೊದಿಕೆಯ ವೈರು ಹೆಚ್ಚಾಗಿ ಹೀಗೆಯೇ ಆಗಿರುತ್ತದೆ. ಒಳಗಿನ ಲೋಹ ಬೆಳ್ಳಗಿದ್ದರೆ ಅದು ಹೆಚ್ಚಾಗಿ ಅಲ್ಯುಮಿನಿಯಮ್. ಅದಕ್ಕೆ ಹೊಸ ತಾಮ್ರದ ವೈರನ್ನು ನೇರವಾಗಿ ತಿರುಚಿ ಕಟ್ಟಿದರೆ ಆ ಗಂಟಿನಲ್ಲಿ ಅಲ್ಯುಮಿನಿಯಮ್ ಮೇಲೆ ಆಕ್ಸೈಡಿನ ಪದರ ಬೆಳೆದು, ಗಂಟು ಸಡಿಲಾಗಿ ಕಾಯತೊಡಗುತ್ತದೆ. ಬೋರ್ಡಿನ ಮೇಲೆ ಕಂದು ಕಲೆ, ಸುಟ್ಟ ವಾಸನೆ, ಫ್ಯಾನು ಹಾಕಿದಾಗ ದೀಪ ಮಿಣುಕುವುದು ಇವು ಅದರ ಗುರುತುಗಳು. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಪ್ಲಗ್ಗುಗಳನ್ನೆಲ್ಲ ತೆಗೆದ ಮೇಲೂ ಮೀಟರಿನ ಕೆಂಪು ದೀಪ ಮಿನುಗುತ್ತಿದ್ದರೆ ಗೋಡೆಯೊಳಗೆ ಎಲ್ಲೋ ವಿದ್ಯುತ್ ಸೋರುತ್ತಿರಬಹುದು. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಬಿಲ್ಲು ಸೊನ್ನೆ ಬರುವ ಮನೆಗಳಲ್ಲಿ ಈ ಸೋರಿಕೆ ಯಾರ ಕಣ್ಣಿಗೂ ಬೀಳದೆ ಹೋಗುವ ಸಂಭವ ಹೆಚ್ಚಿದೆ, ಆದ್ದರಿಂದ ಮೀಟರನ್ನೇ ನೋಡಬೇಕು.

ಅರ್ಧ ಹೊಸದು ಅರ್ಧ ಹಳೆಯದು ಎಂಬ ವೈರಿಂಗಿಗೆ ಇನ್ನೊಂದು ತೊಡಕಿದೆ. ಆರ್‌ಸಿಸಿಬಿ ಕೆಲಸ ಮಾಡುವುದು ಫೇಸಿನಲ್ಲಿ ಹೋದ ಕರೆಂಟು ಅದೇ ದಾರಿಯ ನ್ಯೂಟ್ರಲ್‌ನಲ್ಲಿ ಹಿಂತಿರುಗಿತೇ ಎಂದು ನೋಡಿ. ಕವಲೊಡೆದ ಹಳೆಯ ವೈರಿಂಗಿನಲ್ಲಿ ಒಂದು ಕೋಣೆಯ ಫೇಸ್ ಒಂದು ಕಡೆಯಿಂದ, ನ್ಯೂಟ್ರಲ್ ಇನ್ನೊಂದು ಕಡೆಯಿಂದ ಬಂದಿರುವುದು ಸಾಮಾನ್ಯ. ಕೆಲವು ಕಡೆ ನ್ಯೂಟ್ರಲ್ಲೂ ಅರ್ಥೂ ಸೇರಿಯೇ ಇರುತ್ತವೆ. ಅಂಥದ್ದರ ಮುಂದೆ ಆರ್‌ಸಿಸಿಬಿ ಹಾಕಿದರೆ ಅದು ಪದೇಪದೇ ಬೀಳುತ್ತದೆ. ಬೇಸತ್ತವರು ಅದನ್ನೇ ತೆಗೆದು ನೇರ ಕೊಡಿಸುತ್ತಾರೆ. ಆಘಾತದಿಂದ ಕಾಯುವ ಉಪಕರಣ ಹೀಗೆ ಮನೆಯಿಂದ ಹೊರಗೆ ಹೋಗುತ್ತದೆ. ಆದ್ದರಿಂದ ಕಂತಿನಲ್ಲಿ ಮಾಡುವುದಾದರೆ ಕೋಣೆವಾರು ಮಾಡಬಾರದು, ಸರ್ಕ್ಯೂಟ್‌ವಾರು ಮಾಡಬೇಕು. ಮೊದಲ ಕಂತಿನಲ್ಲಿ ಅರ್ಥಿಂಗ್, ಡಿಬಿ, ಪವರ್ ಸರ್ಕ್ಯೂಟುಗಳು. ಆರ್‌ಸಿಸಿಬಿಯ ಹಿಂದೆ ಇರುವುದು ಹೊಸ ಸರ್ಕ್ಯೂಟುಗಳು ಮಾತ್ರ. ಹಳೆಯ ದೀಪದ ವೈರಿಂಗ್ ಸ್ವಲ್ಪ ದಿನ ತನ್ನದೇ ಎಂಸಿಬಿಯಲ್ಲಿ, ಆರ್‌ಸಿಸಿಬಿಯಿಂದ ಹೊರಗೆ ಉಳಿಯಲಿ. ಎರಡನೆಯ ಕಂತಿನಲ್ಲಿ ಹಿಂಭಾಗದ ದೀಪದ ಸರ್ಕ್ಯೂಟು, ಆಮೇಲೆ ಉಳಿದೆರಡು. ಅಪಾಯ ಹೆಚ್ಚಿರುವ ಒದ್ದೆಯ ಜಾಗ ಮತ್ತು ಭಾರದ ಉಪಕರಣಗಳು ಮೊದಲು ಸರಿಯಾಗುತ್ತವೆ, ಹಣವೂ ಹಂಚಿಹೋಗುತ್ತದೆ. ಹೊದಿಕೆ ಉದುರುತ್ತಿರುವ ಮನೆಗೆ ಮಾತ್ರ ಈ ಸಮಾಧಾನ ಸಲ್ಲದು. ಅಲ್ಲಿ ಪೂರ್ತಿ ಬದಲಿಸುವವರೆಗೆ ಆ ಸರ್ಕ್ಯೂಟನ್ನೇ ಬಂದ್ ಇಡಬೇಕು.

ತಾಮ್ರದ ಬೆಲೆ ಏರಿಳಿಯುವುದರಿಂದ ಅಂದಾಜು ಮಾಡಿ ಪ್ರಯೋಜನವಿಲ್ಲ ಎಂಬ ಮಾತೂ ಕೇಳಿಬರುತ್ತದೆ. ಏರಿಳಿಯುವುದು ದರ, ಆರು ಕಾಯಿಲ್, ಮೂರು ಕಾಯಿಲ್ ಎಂಬ ಪರಿಮಾಣ ಹಾಗೆಯೇ ಇರುತ್ತದೆ. ಪರಿಮಾಣ ಬರೆದಿಟ್ಟುಕೊಂಡವರು ನಂಜನಗೂಡಿನ ಅಂಗಡಿಯಲ್ಲೂ ಮೈಸೂರಿನ ಅಂಗಡಿಯಲ್ಲೂ ಅದೇ ಚೀಟಿ ತೋರಿಸಿ ದರ ಕೇಳಬಹುದು. ಆಗ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂದು ಕೇಳುವುದನ್ನು ಮರೆಯಬಾರದು. ಅದು ನೂರಕ್ಕೆ ಹದಿನೆಂಟು. ತೀರ ಅಗ್ಗದ ಕಾಯಿಲ್ ಕಂಡರೆ ಮೂರು ಪರೀಕ್ಷೆಗಳಿವೆ. ಐಎಸ್ 694 ಎಂಬ ಗುರುತು ಹೊದಿಕೆಯ ಮೇಲಿದೆಯೇ ನೋಡಿ, ಕತ್ತರಿಸಿದ ತುದಿಯ ಎಳೆಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಮ್ ಎಂದು ತಿಳಿಯಬೇಕು. ಮೂರನೆಯದು, ತೂಕ: 1.5ರ ವೈರು 90 ಮೀಟರ್ ಇದ್ದರೆ ಅದರಲ್ಲಿ ತಾಮ್ರವೇ ಸುಮಾರು 1.2 ಕಿಲೋ ಇರಬೇಕು. ಹೊದಿಕೆಯೂ ಸೇರಿದ ಇಡೀ ಕಾಯಿಲ್ ಅದಕ್ಕಿಂತ ಹಗುರವಾಗಿದ್ದರೆ ಉದ್ದವೋ ದಪ್ಪವೋ ಕಡಿಮೆಯಿದೆ.

ಖರ್ಚು ಇಳಿಸುವ ಒಳ್ಳೆಯ ದಾರಿಯೂ ಉದ್ದದ ಲೆಕ್ಕದಿಂದಲೇ ಸಿಗುತ್ತದೆ. ನಮ್ಮ ಮಾದರಿ ಮನೆಯಲ್ಲಿ ಡಿಬಿ ಮೀಟರಿನ ಹತ್ತಿರ ಹಜಾರದಲ್ಲಿದೆ, ಭಾರದ ಉಪಕರಣಗಳೆಲ್ಲ ಹಿಂಭಾಗದಲ್ಲಿವೆ. ಡಿಬಿಯನ್ನು 12 ಮೀಟರ್ ಒಳಗೆ, ನಡುಮನೆಗೆ ತಂದರೆ ಮೂರು ಪವರ್ ದಾರಿಗಳೂ ತಲಾ 12 ಮೀಟರ್ ಕಡಿಮೆಯಾಗುತ್ತವೆ. ಆ 36 ಮೀಟರಿಗೆ ಮೀಟರಿಗೆ ಸುಮಾರು 150 ರೂಪಾಯಿಯಂತೆ 5,400 ಉಳಿಯುತ್ತದೆ. ಮೀಟರಿನಿಂದ ಬರುವ ದಪ್ಪ ವೈರು ಉದ್ದವಾಗಿ ಅದರಲ್ಲಿ ಮೂರು ಸಾವಿರದಷ್ಟು ತಿನ್ನುತ್ತದೆ. ಎರಡು ಸಾವಿರ ಚಿಲ್ಲರೆ ಉಳಿತಾಯ ದೊಡ್ಡದಲ್ಲದಿರಬಹುದು, ಆದರೆ ಒಂದು ಆರ್‌ಸಿಸಿಬಿಯ ಬೆಲೆ ಅದು. ಮೀಟರಿನ ಬಳಿಯೂ ಒಂದು ಮೇನ್ ಸ್ವಿಚ್ಚು ಇರಲೇಬೇಕು. ಮೀಟರು ಮತ್ತು ಅದರ ಸೀಲು ನಿಗಮದ್ದು. ಅದನ್ನು ಮನೆಯವರಾಗಲಿ ಎಲೆಕ್ಟ್ರಿಷಿಯನ್ ಆಗಲಿ ಮುಟ್ಟುವಂತಿಲ್ಲ. ಗೀಸರು, ಇಂಡಕ್ಷನ್ ಒಲೆ ಹೊಸದಾಗಿ ಸೇರಿ ಮಂಜೂರಾದ ಲೋಡು ಮೀರುವುದಾದರೆ ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ; ಮೇಲಿನ ಲೆಕ್ಕದಲ್ಲಿ ಅದು ಸೇರಿಲ್ಲ. ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕ ಮಾಡಿಸಿದರೆ ಆ ಅರ್ಜಿಗೆ ಬೇಕಾದ ಪೂರ್ಣತಾ ವರದಿಯೂ ಅವರಿಂದಲೇ ಸಿಗುತ್ತದೆ.

ಮಾತುಕತೆಯ ಕಾಗದದಲ್ಲಿ ಪಾಯಿಂಟಿನ ಎಣಿಕೆ, ಬಗೆವಾರು ದರ, ಸರ್ಕ್ಯೂಟ್ ದಾರಿಗೆ ಮೀಟರ್ ದರ, ಕಿತ್ತು ಮುಚ್ಚುವ ಕೂಲಿ ಬೇರೆ ಬೇರೆ ಸಾಲಿನಲ್ಲಿರಬೇಕು. ಸಾಮಾನನ್ನು ಮನೆಯವರೇ ತಂದುಕೊಟ್ಟರೆ ಉಳಿದ ವೈರು ಮನೆಯಲ್ಲೇ ಉಳಿಯುತ್ತದೆ. ಪೈಪು ಕೂರಿಸಿ ಮುಗಿದ ದಿನ, ವೈರು ಎಳೆಯುವ ಮೊದಲು, ದಾರಿಯ ಉದ್ದವನ್ನು ಇಬ್ಬರೂ ಸೇರಿ ಇನ್ನೊಮ್ಮೆ ಅಳೆಯಬೇಕು. ಅಂದಾಜಿಗೂ ನಿಜಕ್ಕೂ ಇರುವ ವ್ಯತ್ಯಾಸ ಆಗಲೇ ತಿಳಿಯುತ್ತದೆ, 1ರ ವೈರಿನ ಮೂರನೆಯ ಕಾಯಿಲ್ ನಿಜವಾಗಿ ಬೇಕೇ ಎಂಬುದೂ ಗೊತ್ತಾಗುತ್ತದೆ. ಕೊನೆಯ ಕಂತಿನ ಕೂಲಿ ಪರೀಕ್ಷೆ ಮುಗಿದ ಮೇಲೆ. ಮೇನ್ ಆಫ್ ಮಾಡಿ, ಬಲ್ಬು ಮತ್ತು ಪ್ಲಗ್ಗುಗಳನ್ನು ತೆಗೆದು, ಪ್ರತಿ ಸರ್ಕ್ಯೂಟಿಗೂ 500 ವೋಲ್ಟಿನ ಮೆಗ್ಗರ್ ಹಿಡಿದಾಗ ಫೇಸಿಗೂ ಅರ್ಥಿಗೂ ನಡುವೆ ಕನಿಷ್ಠ ಒಂದು ಮೆಗಾಓಮ್ ತೋರಿಸಬೇಕು. ಹೊಸ ವೈರು ಸಾಮಾನ್ಯವಾಗಿ ಅದಕ್ಕಿಂತ ಬಹಳ ಮೇಲೆಯೇ ತೋರಿಸುತ್ತದೆ. ಪ್ರತಿ ಸಾಕೆಟ್ಟಿನ ಅರ್ಥ್ ತೂತಿನಿಂದ ಡಿಬಿಯ ಅರ್ಥ್ ಪಟ್ಟಿಯವರೆಗೆ ಸಂಪರ್ಕವಿದೆಯೇ ನೋಡಬೇಕು. ಆಮೇಲೆ ವಿದ್ಯುತ್ ಕೊಟ್ಟು, ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಗುಂಡಿ ಒತ್ತಿದಾಗ ಅದು ಬೀಳಬೇಕು. ಎಲ್ಲ ಸಾಲುಗಳಲ್ಲೂ ನಿಜವಾಗಿ ಹಾಕಿದ ಉದ್ದ ಮತ್ತು ಎಣಿಕೆಯನ್ನು ಬರೆದ ಅದೇ ಕಾಗದ, ಯಾವ ಎಂಸಿಬಿ ಯಾವ ಕೋಣೆಗೆ ಎಂಬ ಪಟ್ಟಿಯೊಂದಿಗೆ, ಡಿಬಿಯ ಬಾಗಿಲ ಒಳಬದಿಯಲ್ಲಿ ಅಂಟಿರಬೇಕು.